ಪದಚರ್ಚೆ: ಸ್ಮಾಲ್ ಸ್ಟ್ರೇನ್ ಸ್ಟಿಫ್‌ನೆಸ್ ಅಂದರೆ "ಸಣ್ಣ ಬಿಗಿತ"ವೇ?

ಪ್ರಶ್ನೆ

ನಮಸ್ಕಾರ. ಮಣ್ಣು ಪರೀಕ್ಷೆಯ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಶಿಯರ್ ವೇವ್ ವೆಲಾಸಿಟಿಯನ್ನು "ಕತ್ತರಿ ಅಲೆಯ ವೇಗ" ಎಂದು ಬರೆದೆ. ಸ್ಮಾಲ್ ಸ್ಟ್ರೇನ್ ಸ್ಟಿಫ್‌ನೆಸ್‌ಗೆ "ಸಣ್ಣ ಬಿಗಿತ" ಎಂದು ಹಾಕಿದೆ. ಆದರೆ ಅದೇ ಪುಟದಲ್ಲಿ ಇದಕ್ಕೆ Gmax ಎಂಬ ಗುರುತಿದೆ. ಸಣ್ಣದು ಅಂದಮೇಲೆ ಮ್ಯಾಕ್ಸ್ ಯಾಕೆ? ಎಲ್ಲೋ ತಪ್ಪಿದ್ದೇನೆ ಅನ್ನಿಸುತ್ತಿದೆ.

ಉತ್ತರ: ಭೌತಶಾಸ್ತ್ರದ ಮೇಷ್ಟ್ರು

"ಬಿಗಿತ"ಕ್ಕಿಂತ "ಗಟ್ಟಿತನ" ಸುಲಭ, ಎಲ್ಲರಿಗೂ ಗೊತ್ತಾಗುತ್ತದೆ. ಇನ್ನೊಂದು ಮಾತು. ಈ ಅಲೆ ನೀರಿನಲ್ಲಿ ಹರಿಯುವುದಿಲ್ಲ. ಹಾಗಾಗಿ ಅಂತರ್ಜಲದ ಕೆಳಗೆ ಈ ವೇಗ ಸಿಗುವುದಿಲ್ಲ ಎಂದು ಒಂದು ಸಾಲು ಸೇರಿಸಿ.

ಉತ್ತರ: ಮಣ್ಣು ಪರೀಕ್ಷೆಯ ಎಂಜಿನಿಯರ್

ಇಲ್ಲಿ ಸಣ್ಣದು ಬಿಗಿತವಲ್ಲ, ಸ್ಟ್ರೇನ್. ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಮೇಲಿನ ರಟ್ಟನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿ. ಹಾಳೆಗಳು ಒಂದರ ಮೇಲೊಂದು ಸರಿದು ಪುಸ್ತಕದ ಬದಿ ಓರೆಯಾಗುತ್ತದೆ. ಶಿಯರ್ ಅಂದರೆ ಇದೇ. ಎಷ್ಟು ಓರೆಯಾಯಿತು ಅನ್ನುವುದು ಸ್ಟ್ರೇನ್.

ಒಂದು ಮೀಟರ್ ಎತ್ತರದ ಮಣ್ಣಿನ ತಲೆ ಪಕ್ಕಕ್ಕೆ 0.01 ಮಿ.ಮೀ. ಮಾತ್ರ ಸರಿದಾಗ ಮಣ್ಣಿನ ಬಿಗಿತ ಪೂರ್ತಿ ಇರುತ್ತದೆ. ಅದಕ್ಕೇ ಮ್ಯಾಕ್ಸ್. 1 ಮಿ.ಮೀ. ಸರಿಯುವ ಹೊತ್ತಿಗೆ ಮರಳು ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಬಿಗಿತ ಕಳೆದುಕೊಂಡಿರುತ್ತದೆ. ಹಾಗಾಗಿ "ಸಣ್ಣ ಬಿಗಿತ" ಬರೀ ಪದದ ತಪ್ಪಲ್ಲ, ಅರ್ಥವೇ ತಲೆಕೆಳಗು.

ಮೇಷ್ಟ್ರು ಹೇಳಿದ್ದು ನೀರಿಗೆ ನಿಜ. ಆದರೆ ನೆನೆದ ಮಣ್ಣಿನಲ್ಲೂ ಕಣಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಅಲೆ ಆ ಕಣಗಳ ಮೂಲಕ ಹೋಗುತ್ತದೆ. ದಯವಿಟ್ಟು ಆ ಸಾಲು ಸೇರಿಸಬೇಡಿ. ಕೆಡುವುದು ಬೇರೆ ಕಡೆ. ನೆನೆದ ಮಣ್ಣಿನಲ್ಲಿ ಒತ್ತಡದ ಅಲೆ ನೀರಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 1500 ಮೀಟರ್, ಮೊದಲು ಬಂದುಬಿಡುತ್ತದೆ. ಅದನ್ನೇ ಶಿಯರ್ ಅಲೆ ಅಂದುಕೊಂಡರೆ ಮೆತ್ತನೆ ಮಣ್ಣು ಬಂಡೆಯಂತೆ ಕಾಣುತ್ತದೆ.

ಇದು ಗೊತ್ತಾಗಲಿ ಎಂದೇ ನಾವು ಎರಡು ಸಲ ಹೊಡೆಯುತ್ತೇವೆ. ಉದ್ದದ ಹಲಗೆಯ ಮೇಲೆ ಗಾಡಿಯ ಚಕ್ರ ಹತ್ತಿಸಿ ನಿಲ್ಲಿಸುತ್ತೇವೆ. ಹಲಗೆಯ ಒಂದು ತುದಿಗೆ ಪಕ್ಕದಿಂದ ಸುತ್ತಿಗೆ ಏಟು, ಆಮೇಲೆ ಇನ್ನೊಂದು ತುದಿಗೆ. ಬೋರಿನೊಳಗೆ ಇಳಿಸಿದ, ನೆಲದ ನಡುಕ ಹಿಡಿಯುವ ಜಿಯೋಫೋನ್ ಬರೆದ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತೇವೆ. ಶಿಯರ್ ಅಲೆ ಬಂದ ಕಡೆ ಒಂದು ಗೆರೆ ಮೇಲೇರಿದರೆ ಇನ್ನೊಂದು ಕೆಳಗಿಳಿಯುತ್ತದೆ. ನಿಮ್ಮ ವರದಿಯಲ್ಲಿ ಕನ್ನಡಿಯಲ್ಲಿ ಕಂಡ ಹಾಗಿರುವ ಜೋಡಿ ಗೆರೆಗಳ ಚಿತ್ರ ಇರಬೇಕು, ಹುಡುಕಿ.

ಉತ್ತರ: ಮನೆ ಕಟ್ಟಿಸುತ್ತಿರುವವರು

ನನ್ನ ಸೈಟಿನ ವರದಿಯಲ್ಲಿ N ಬೆಲೆ 30 ಎಂದಿದೆ. ಮಣ್ಣು ಗಟ್ಟಿ ಇದೆ ಅಂದರು. ಅದೂ ಇದೂ ಒಂದೇ ಅಲ್ವಾ?

ಉತ್ತರ: ಎಂಜಿನಿಯರ್

ಒಂದೇ ಅಲ್ಲ. N ಅಂದರೆ ಕೊಳವೆಯನ್ನು 30 ಸೆಂ.ಮೀ. ಇಳಿಸಲು ಬಿದ್ದ ಏಟುಗಳ ಲೆಕ್ಕ. ಅಲ್ಲಿ ಮಣ್ಣು ಮುರಿದೇ ಹೋಗುತ್ತದೆ. ಅಲೆ ಹಾದುಹೋದಾಗ ಮಣ್ಣಿಗೆ ಏನೂ ಆಗುವುದಿಲ್ಲ. N ಇಂದ ವೇಗ ಅಂದಾಜಿಸುವ ಸೂತ್ರಗಳಿವೆ, ಆದರೆ ಅವು ಒಂದಕ್ಕೊಂದು ಜಾಸ್ತಿ ಹೊಂದುವುದಿಲ್ಲ. "ಗಟ್ಟಿತನ" ಬೇಡ ಎನ್ನುವುದೂ ಇದಕ್ಕೇ. ಓದುವವರು ಅದನ್ನು ತಾಳಿಕೆಯ ಶಕ್ತಿ ಅಂದುಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು

ಜೋಡಿ ಗೆರೆಗಳು ಸಿಕ್ಕವು! ವರದಿಯಲ್ಲಿ ವೇಗ 200 ಮೀ/ಸೆ, ಸಾಂದ್ರತೆ 1800 ಕೆಜಿ/ಘನ ಮೀಟರ್, ಬಿಗಿತ 72 MPa. ಭೂಕಂಪದ ಲೆಕ್ಕಕ್ಕೆ ಇದೇ 72 ಹೋಗುತ್ತದಾ?

ಉತ್ತರ: ಎಂಜಿನಿಯರ್

ಲೆಕ್ಕ ಶುರುವಾಗುವುದು ಅಲ್ಲಿಂದ. ಕೆಳಗೆ G ಬಿಗಿತ, ρ ಸಾಂದ್ರತೆ, Vs ಶಿಯರ್ ಅಲೆಯ ವೇಗ, H ಮಣ್ಣಿನ ದಪ್ಪ, T ಒಂದು ತೂಗಾಟಕ್ಕೆ ಹಿಡಿಯುವ ಸಮಯ.

```
G = ρ·Vs² = 1800 × 200² = 72 MPa
T = 4H/Vs = 4 × 20 / 200 = 0.4 s
```

ಬಂಡೆಯ ಮೇಲೆ 20 ಮೀಟರ್ ಮಣ್ಣಿದೆ ಅಂದುಕೊಳ್ಳಿ. ಸಣ್ಣ ನಡುಕದಲ್ಲಿ ಅದು 0.4 ಸೆಕೆಂಡಿಗೊಮ್ಮೆ ತೂಗುತ್ತದೆ. ಜೋರು ಭೂಕಂಪದಲ್ಲಿ ಬಿಗಿತ ಕಾಲು ಭಾಗಕ್ಕೆ, 18ಕ್ಕೆ, ಇಳಿದರೆ ವೇಗ ಅರ್ಧವಾಗಿ 100 ಆಗುತ್ತದೆ. ತೂಗಾಟ 0.8 ಸೆಕೆಂಡಿಗೆ ಹೋಗುತ್ತದೆ. ಆಗ ಮಣ್ಣಿನ ತಾಳಕ್ಕೆ ಕುಣಿಯುವುದು ಬೇರೆ ಎತ್ತರದ ಕಟ್ಟಡ. "ಸಣ್ಣ ಬಿಗಿತ" ಎಂದು ಓದಿದವರು 72 ಎಂಬುದೇ ಕನಿಷ್ಠ ಬೆಲೆ ಅಂದುಕೊಂಡು ಅಲ್ಲೇ ನಿಲ್ಲುತ್ತಾರೆ. ನನಗೆ ಇರುವ ಭಯ ಅದು.

ಎಲ್ಲ ಮಣ್ಣೂ ಹೀಗೆ ಇಳಿಯುವುದಿಲ್ಲ. 1985ರ ಭೂಕಂಪದ ಹೊತ್ತಿಗೆ ಮೆಕ್ಸಿಕೋ ಸಿಟಿಯ ಹಳೇ ಕೆರೆಯಂಗಳದ ಜೇಡಿ ತುಂಬಾ ಮೆತ್ತಗಿತ್ತು. ಆದರೂ ಓರೆಯಾದಾಗ ತನ್ನ ಬಿಗಿತವನ್ನು ಬಹುಪಾಲು ಉಳಿಸಿಕೊಂಡಿತು. ಸುಮಾರು 2 ಸೆಕೆಂಡಿನ ತೂಗಾಟವನ್ನು ಹಿಗ್ಗಿಸಿತು. ಜಿಗುಟು ಜಾಸ್ತಿ ಇದ್ದಷ್ಟೂ ಬಿಗಿತ ನಿಧಾನವಾಗಿ ಇಳಿಯುತ್ತದೆ.

ಪ್ರಶ್ನೆ ಕೇಳಿದವರು

"ಅತಿ ಕಡಿಮೆ ಓರೆಯಲ್ಲಿನ ಬಿಗಿತ" ಎಂದು ತಿದ್ದಿದೆ. "ಕತ್ತರಿ" ತೆಗೆದು "ಓರೆಯಲೆ" ಎಂದು ಹಾಕಲಾ?

ಉತ್ತರ: ಮೇಷ್ಟ್ರು

ನೀರಿನ ಮಾತು ಹಿಂದಕ್ಕೆ ತೆಗೆದುಕೊಂಡೆ. ಆದರೆ "ಓರೆಯಲೆ" ಎಂದರೆ ಅಲೆಯೇ ಓರೆಯಾಗಿ ಹೋಗುತ್ತದೆ ಎಂದು ಮಕ್ಕಳು ಓದುತ್ತಾರೆ. ಅದು ನೇರವಾಗಿಯೇ ಹೋಗುತ್ತದೆ, ಓರೆಯಾಗುವುದು ಮಣ್ಣು. "ಸರಿಯಲೆ" ಹೇಗೆ?

ಉತ್ತರ: ಎಂಜಿನಿಯರ್

"ಸರಿ" ಅಂದರೆ ಸರಿಯಾದದ್ದು ಎಂದೂ ಆಗುತ್ತದಲ್ಲ. ಬೇರೆ ಪದ ಸಿಗುವವರೆಗೆ ನಾನು ಶಿಯರ್ ಅಲೆ ಎಂದೇ ಬರೆಯುತ್ತೇನೆ.