ಕೊಬ್ಬಿಗೆ ‘ಪುನರಾವರ್ತಿತ ಘಟಕ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿ ಇಲ್ಲೇ ಬೆಂಗಳೂರಿನಲ್ಲಿ ಮೊದಲ ವರ್ಷದ ಬಿ.ಎಸ್ಸಿ. ಓದುತ್ತಿದ್ದಾಳೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಅವಳಿಗೆಂದು ನಾನು ಬರೆದುಕೊಟ್ಟ ನೋಟ್ಸ್‌ನಲ್ಲಿ ಈ ಸಾಲು ಇದೆ: ‘ಶರ್ಕರಪಿಷ್ಟ, ಕೊಬ್ಬು, ಪ್ರೊಟೀನ್ ಮೂರೂ ಚಿಕ್ಕ ಘಟಕಗಳ ಪುನರಾವರ್ತನೆಯಿಂದ ಆದ ಬೃಹತ್ ಅಣುಗಳು.’ ಅವಳು ಓದಿ, “ಅಕ್ಕಾ, ಕೊಬ್ಬಿನಲ್ಲಿ ಪುನರಾವರ್ತನೆ ಆಗೋದು ಯಾವುದು?” ಅಂದಳು. ಪ್ರೊಟೀನ್‌ನಲ್ಲಿ ಇಪ್ಪತ್ತು ಬಗೆಯ ಅಮೈನೊ ಆಸಿಡ್ ಇದ್ದರೆ ಅದು ಪುನರಾವರ್ತನೆ ಹೇಗಾಗುತ್ತೆ ಅಂತಲೂ ಕೇಳಿದಳು. ಈ ಪದ ಮೂರಕ್ಕೂ ಸರಿಹೊಂದುತ್ತಾ?

ರಾಜಾಜಿನಗರದಿಂದ:

ಧಾರಾಳವಾಗಿ ಬಳಸಿ. ಮೂರರಲ್ಲೂ ಘಟಕಗಳು ಸೇರುವಾಗ ನೀರಿನ ಅಣು ಹೊರಬೀಳುತ್ತೆ, ಜೀರ್ಣವಾಗುವಾಗ ನೀರು ಸೇರಿ ಬಿಡಿಯಾಗುತ್ತೆ. ಕೊಬ್ಬಿನಲ್ಲಿ ಫ್ಯಾಟಿ ಆಸಿಡ್ ಮೂರು ಸಲ ಬರುತ್ತಲ್ಲ, ಅದೇ ಪುನರಾವರ್ತನೆ. ಹಾಗಾಗಿ ಮೂರೂ ಪಾಲಿಮರ್‌ಗಳೇ.

ಮಲ್ಲೇಶ್ವರದಿಂದ:

ನೀರಿನ ಮಾತು ಸರಿ. ಆದರೆ ಅದರಿಂದ ಕೊಬ್ಬು ಪಾಲಿಮರ್ ಆಗುವುದಿಲ್ಲ. ನಾನು ಬಹಳ ವರ್ಷ ಬಯೋಕೆಮಿಸ್ಟ್ರಿ ಕಲಿಸಿದವನು. ಲೆಕ್ಕ ಹಾಕಿ ತೋರಿಸಿದರೆ ಮಕ್ಕಳಿಗೆ ಇದು ಬೇಗ ತಿಳಿಯುತ್ತೆ.

ಗ್ಲೂಕೋಸ್‌ನ ಅಣುತೂಕ 180. ಎರಡು ಸೇರಿದರೆ 360, ಹೊರಹೋದ ನೀರಿನ 18 ಕಳೆದರೆ 342. ಇದು ಮಾಲ್ಟೋಸ್. ಇದರ ತುದಿಗೆ ಇನ್ನೊಂದು ಗ್ಲೂಕೋಸ್ ಸೇರಬಹುದು, ಅದರ ತುದಿಗೆ ಮತ್ತೊಂದು. ಪ್ರತಿ ಸಲವೂ 162 ಕೂಡುತ್ತಾ ಹೋಗುತ್ತೆ. ಅಕ್ಕಿಯ ಪಿಷ್ಟದಲ್ಲಿ ಹೀಗೆ ಸಾವಿರಾರು ಗ್ಲೂಕೋಸ್ ಸೇರಿರುತ್ತವೆ. ಸರಕ್ಕೆ ಮಣಿ ಪೋಣಿಸಿದ ಹಾಗೆ, ಎಷ್ಟು ಬೇಕಾದರೂ ಮುಂದುವರಿಸಬಹುದು.

ಈಗ ಕೊಬ್ಬು. ಆಲಿವ್ ಎಣ್ಣೆಯಲ್ಲಿ ಜಾಸ್ತಿ ಇರುವ ಟ್ರೈಒಲಿಯಿನ್ ತಗೊಳ್ಳಿ. ಗ್ಲಿಸರಾಲ್ 92, ಒಲಿಯಿಕ್ ಆಸಿಡ್ ಸುಮಾರು 282. ಅಂಥವು ಮೂರು ಸೇರಿದಾಗ ಮೂರು ನೀರು ಹೊರಹೋಗಿ ಸುಮಾರು 884 ಉಳಿಯುತ್ತೆ. ಅಷ್ಟೇ, ಅಲ್ಲಿಗೆ ಮುಗಿಯಿತು. ಗ್ಲಿಸರಾಲ್‌ಗೆ ಇದ್ದದ್ದು ಮೂರೇ ಕೈ, ಮೂರೂ ತುಂಬಿದವು. ನಾಲ್ಕನೆಯದು ಸೇರಲು ಜಾಗವೇ ಇಲ್ಲ. ಮೂರು ಸಲ ಬಂದದ್ದನ್ನು ಪುನರಾವರ್ತನೆ ಅನ್ನುವುದು ತಪ್ಪಲ್ಲ, ಆದರೆ ಸರಪಳಿ ಬೆಳೆಯುವುದಿಲ್ಲ. ಕೊಬ್ಬು ಪಾಲಿಮರ್ ಅಲ್ಲ ಎನ್ನುವುದಕ್ಕೆ ಕಾರಣ ಇದೇ.

ಬಸವನಗುಡಿಯಿಂದ:

ನನಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಪಿಷ್ಟ ಎಂದರೆ ಸಕ್ಕರೆಯೇ ಅಂತಾದರೆ ಅನ್ನ ಬಿಟ್ಟು ಮುದ್ದೆ ತಿಂದರೆ ಆಗುತ್ತಲ್ಲವೇ? ದಿನಾ ಇನ್ಸುಲಿನ್ ಬೇರೆ ಚುಚ್ಚಿಕೊಳ್ಳಬೇಕು. ಅದು ಮಾತ್ರೆಯಲ್ಲಿ ಯಾಕೆ ಸಿಗಲ್ಲ?

ಮಲ್ಲೇಶ್ವರದಿಂದ:

ಸ್ವಾಮಿ, ರಾಗಿಯಲ್ಲೂ ಜಾಸ್ತಿ ಇರುವುದು ಪಿಷ್ಟವೇ. ಎಷ್ಟು ತಿನ್ನಬೇಕು ಎಂಬುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ನಿಮ್ಮ ಇನ್ಸುಲಿನ್ ಪ್ರಶ್ನೆಯಿಂದ ಆ ಹುಡುಗಿಯ ಎರಡನೇ ಸಂದೇಹಕ್ಕೂ ಉತ್ತರ ಸಿಗುತ್ತೆ.

ಇನ್ಸುಲಿನ್ ಒಂದು ಪುಟ್ಟ ಪ್ರೊಟೀನ್. 51 ಅಮೈನೊ ಆಸಿಡ್‌ಗಳು, ಎರಡು ಸರಪಳಿಯಲ್ಲಿ: ಒಂದರಲ್ಲಿ 21, ಇನ್ನೊಂದರಲ್ಲಿ 30. ಚಿಕ್ಕ ಸರಪಳಿ ಗ್ಲೈಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂದು ಶುರುವಾಗುತ್ತೆ. ಒಂದಾದ ಮೇಲೆ ಒಂದು ಬೇರೆ ಬೇರೆ. ಇಲ್ಲಿ ಮರುಕಳಿಸುವುದು ಅಮೈನೊ ಆಸಿಡ್‌ನ ಪಕ್ಕದ ಭಾಗ ಅಲ್ಲ, ಅವುಗಳನ್ನು ಜೋಡಿಸಿದ ಬೆನ್ನು. ಸಾರಜನಕ, ಇಂಗಾಲ, ಇಂಗಾಲ. ಮತ್ತೆ ಸಾರಜನಕ, ಇಂಗಾಲ, ಇಂಗಾಲ. ಪೆಪ್ಟೈಡ್ ಬಂಧ ಎಲ್ಲ ಕಡೆ ಒಂದೇ ರೀತಿ. ಮಾತ್ರೆಯಾಗಿ ನುಂಗಿದರೆ ಹೊಟ್ಟೆ, ಕರುಳಿನ ಕಿಣ್ವಗಳು ಈ ಬಂಧಗಳನ್ನೇ ಕತ್ತರಿಸುತ್ತವೆ. ಬೇಳೆಯ ಪ್ರೊಟೀನ್‌ಗೆ ಆಗುವುದೇ ಇದಕ್ಕೂ ಆಗುತ್ತೆ. ಬಿಡಿ ಅಮೈನೊ ಆಸಿಡ್‌ಗಳಿಗೆ ಇನ್ಸುಲಿನ್‌ನ ಕೆಲಸ ಗೊತ್ತಿಲ್ಲ.

ರಾಜಾಜಿನಗರದಿಂದ:

ಸರ್, ಪಾಲಿಮರ್ ಅಲ್ಲ ಅನ್ನುವುದನ್ನು ಒಪ್ಪಿದೆ. ಆದರೆ ಫ್ಯಾಟಿ ಆಸಿಡ್‌ನ ಉದ್ದ ಬಾಲದಲ್ಲಿ CH₂ ಮತ್ತೆ ಮತ್ತೆ ಬರುತ್ತಲ್ಲ?

ಮಲ್ಲೇಶ್ವರದಿಂದ:

ಒಳ್ಳೆಯ ಪ್ರಶ್ನೆ. ಜೀವಕೋಶ ಆ ಬಾಲವನ್ನು ಎರಡೆರಡು ಇಂಗಾಲ ಸೇರಿಸುತ್ತಾ ಬೆಳೆಸುತ್ತೆ. ಅದಕ್ಕೇ ನಮ್ಮ ಎಣ್ಣೆಗಳಲ್ಲಿ 16, 18 ಹೀಗೆ ಸಮಸಂಖ್ಯೆಯ ಬಾಲಗಳೇ ಜಾಸ್ತಿ. ಹಾಗೆ ನೋಡಿದರೆ ಅಲ್ಲೂ ಒಂದು ಪುನರಾವರ್ತನೆ ಇದೆ. ಆದರೆ ಜೀರ್ಣವಾಗುವಾಗ ಲೈಪೇಸ್ ಗ್ಲಿಸರಾಲ್ ಹತ್ತಿರದ ಬಂಧವನ್ನಷ್ಟೇ ಬಿಡಿಸುತ್ತೆ, ಬಾಲ ಇಡಿಯಾಗಿಯೇ ಹೊರಬರುತ್ತೆ. ನೀರು ಸೇರಿಸಿ ಆ ಬಾಲವನ್ನು ತುಂಡರಿಸಲು ಆಗುವುದಿಲ್ಲ. ಹಾಗಾಗಿ ಅದನ್ನು ಪಿಷ್ಟದ ಸಾಲಿಗೆ ನಾನು ಸೇರಿಸಲಾರೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಥ್ಯಾಂಕ್ಸ್. ಸಾಲನ್ನು ಹೀಗೆ ತಿದ್ದಿದ್ದೇನೆ: ‘ಪಿಷ್ಟ, ಪ್ರೊಟೀನ್ ಎರಡೂ ಚಿಕ್ಕ ಘಟಕಗಳು ಒಂದೇ ರೀತಿಯ ಬಂಧದಿಂದ ಸಾಲಾಗಿ ಸೇರಿ ಆದ ಬೃಹತ್ ಅಣುಗಳು. ಕೊಬ್ಬು ಒಂದು ಗ್ಲಿಸರಾಲ್‌ಗೆ ಮೂರು ಫ್ಯಾಟಿ ಆಸಿಡ್ ಸೇರಿ ಆದದ್ದು, ಅದಕ್ಕಿಂತ ಬೆಳೆಯುವುದಿಲ್ಲ.’

ಜಯನಗರದಿಂದ:

ಪಿಷ್ಟಕ್ಕೆ ‘ಸಾಲಾಗಿ’ ಎನ್ನಬೇಡಿ. ಅಕ್ಕಿಪಿಷ್ಟದ ದೊಡ್ಡ ಪಾಲು ಅಮೈಲೊಪೆಕ್ಟಿನ್, ಅದು ಕವಲೊಡೆದದ್ದು. ಬೇರೆ ಯಾವ ಪದ ಹಾಕಬಹುದು ಎಂದು ನನಗೂ ಹೊಳೆಯುತ್ತಿಲ್ಲ.