ಟ್ಯಾಂಕ್ ತಲೆ ಮೇಲೇ ಇದೆ, ಆದ್ರೂ ವಾಷಿಂಗ್ ಮಷೀನ್‌ಗೆ ನೀರು ಸಾಲ್ತಿಲ್ಲ. ಬೂಸ್ಟರ್ ಪಂಪ್ ಬೇಕೇ ಬೇಕಾ?

ಸುಮಾ_ಎಚ್
ಹೊಸ ಫ್ರಂಟ್ ಲೋಡ್ ಮಷೀನ್. ಬಟ್ಟೆ ಹಾಕಿ ಆನ್ ಮಾಡಿದ್ರೆ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತೆ, ಆಮೇಲೆ ನೀರು ಬರ್ತಿಲ್ಲ ಅಂತ ಕೋಡ್ ತೋರಿಸಿ ನಿಂತುಬಿಡುತ್ತೆ. ನಲ್ಲಿ ತಿರುಗಿಸಿ ನೋಡಿದ್ರೆ ನೀರು ಚೆನ್ನಾಗೇ ಬರ್ತಿದೆ. ಇದೇ ನಲ್ಲಿಯಲ್ಲಿ ಹಳೇ ಸೆಮಿ ಆಟೋಮ್ಯಾಟಿಕ್ ವರ್ಷಗಟ್ಟಲೆ ಓಡಿದೆ. ಸರ್ವಿಸ್‌ನವರು ಬಂದು "ಪ್ರೆಷರ್ ಇಲ್ಲ, ಪಂಪ್ ಹಾಕಿಸಿ" ಅಂತ ಎರಡೇ ಮಾತಲ್ಲಿ ಹೇಳಿ ಹೋದ್ರು. ಆದ್ರೆ ಒಂದೊಂದು ಸಲ ಏನೂ ತೊಂದರೆ ಇಲ್ಲದೆ ಪೂರ್ತಿ ಓಡುತ್ತಲ್ಲ, ಅದಕ್ಕೇನು ಕಾರಣ? ಬೋರ್ಡ್ ಹೋಗಿದೆಯಾ? ಸಾಕಾಗಿಹೋಗಿದೆ, ಗೊತ್ತಿದ್ದವರು ಹೇಳಿ.

ವಾಲ್ವ್‌ರಾಜ
ಜಾಲರಿ ಮೇಡಂ, ಜಾಲರಿ. ಮಷೀನ್ ಹಿಂದೆ ಪೈಪ್ ಬಿಚ್ಚಿದ್ರೆ ಇನ್‌ಲೆಟ್ ವಾಲ್ವ್ ಬಾಯಲ್ಲಿ ಸಣ್ಣ ಪ್ಲಾಸ್ಟಿಕ್ ಜಾಲರಿ ಇರುತ್ತೆ. ಇಕ್ಕಳದಲ್ಲಿ ನಿಧಾನಕ್ಕೆ ಎಳೆದು, ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ ಹಾಕಿ. ನೂರಕ್ಕೆ ತೊಂಬತ್ತು ಕಡೆ ಇದೇ.

ಸುಮಾ_ಎಚ್
ತೆಗೆದು ನೋಡಿದೆ ಸರ್. ಎರಡು ಮೂರು ಮರಳಿನ ಕಣ ಬಿಟ್ರೆ ಏನೂ ಇರಲಿಲ್ಲ. ತೊಳೆದು ಹಾಕಿದ್ರೂ ಅದೇ ಕಥೆ.

ವಾಲ್ವ್‌ರಾಜ
ಹಾಗಾದ್ರೆ ನಲ್ಲಿ ಕಡೆ ತುದಿಯಲ್ಲೂ ಒಂದು ಜಾಲರಿ ಇರುತ್ತೆ, ಅದನ್ನೂ ನೋಡಿ. ಅಲ್ಲೂ ಇಲ್ಲ ಅಂದ್ರೆ ವಾಲ್ವೇ ಹೋಗಿದೆ, ಬದಲಾಯಿಸಿ.

ಟೆರೇಸ್‌ಮನೆ
ಇವೆಲ್ಲಾ ತಲೆನೋವೇ ಬೇಡ. ನಮ್ಮಲ್ಲಿ ಇಡೀ ಮನೆಗೆ ಪ್ರೆಷರ್ ಪಂಪ್, ಜೊತೆಗೆ 24 ಲೀಟರ್ ಪ್ರೆಷರ್ ಟ್ಯಾಂಕ್. ಟ್ಯಾಂಕಿನೊಳಗಿನ ಗಾಳಿಯನ್ನ ಪಂಪ್ ಆನ್ ಆಗೋ ಪ್ರೆಷರ್‌ಗಿಂತ 0.2 ಬಾರ್ ಕಡಿಮೆ ಇಟ್ಟಿದೀನಿ, ಪಂಪ್ ಪದೇ ಪದೇ ಆನ್ ಆಫ್ ಆಗೋದೇ ಇಲ್ಲ. ಮೂರು ಶವರ್ ಒಟ್ಟಿಗೆ ಬಿಟ್ಟರೂ ಧಾರೆ ಕುಗ್ಗಲ್ಲ. ಫೋಟೋ ಬೇಕಿದ್ರೆ ಹಾಕ್ತೀನಿ.

ಪೈಪ್‌ಲೈನ್
ಸುಮಾ ಅವರೇ, ಪಂಪ್ ವಿಷಯ ಆಮೇಲೆ. ಮೊದಲು ಎರಡು ಅಳತೆ ಬೇಕು. ಟ್ಯಾಂಕಿನಲ್ಲಿ ನೀರಿನ ಮಟ್ಟ ಮಷೀನ್‌ನ ಇನ್‌ಲೆಟ್‌ಗಿಂತ ಎಷ್ಟು ಎತ್ತರದಲ್ಲಿದೆ? ಟ್ಯಾಂಕಿನ ಎತ್ತರ ಅಲ್ಲ, ನೀರಿನ ಮಟ್ಟ. ಇನ್ನೊಂದು, ಮಷೀನ್ ಹಿಂದಿನಿಂದ ಪೈಪ್ ಬಿಚ್ಚಿ, ಅದೇ ಪೈಪಿನಲ್ಲಿ ಹತ್ತು ಲೀಟರ್ ಬಕೆಟ್ ತುಂಬೋಕೆ ಎಷ್ಟು ಹೊತ್ತು ಬೇಕು? ಮ್ಯಾನುಯಲ್ ಕೊನೇ ಪುಟಗಳಲ್ಲಿ ನೀರಿನ ಪ್ರೆಷರ್ ಎಷ್ಟಿರಬೇಕು ಅಂತ ಬರೆದಿರುತ್ತೆ, ಅದನ್ನೂ ಹಾಕಿ. ಮಷೀನ್ ಯಾವ ಮಹಡಿಯಲ್ಲಿದೆ ಅಂತ ನೀವು ಹೇಳೇ ಇಲ್ಲ.

ಸುಮಾ_ಎಚ್
ಮೇಲಿನ ಮಹಡಿ. ಟ್ಯಾಂಕ್ ನೇರ ತಲೆ ಮೇಲೆ ತಾರಸಿಯಲ್ಲಿದೆ, ಇಷ್ಟು ಹತ್ತಿರ ಇದ್ರೆ ಪ್ರೆಷರ್ ಜಾಸ್ತಿ ಅಲ್ವಾ ಅಂದ್ಕೊಂಡಿದ್ದೆ. ಟೇಪ್ ಹಿಡಿದು ಅಳೆದೆವು: ಟ್ಯಾಂಕ್ ತುಂಬಿದಾಗ ನೀರಿನಿಂದ ಇನ್‌ಲೆಟ್‌ವರೆಗೆ 1.9 ಮೀಟರ್. ಟ್ಯಾಂಕಿನಲ್ಲಿ ನೀರಿನ ಆಳ ಹೆಚ್ಚುಕಡಿಮೆ ಒಂದು ಮೀಟರ್. ಬಕೆಟ್ ಎರಡು ನಿಮಿಷಕ್ಕೆ ತುಂಬಿತು. ಮ್ಯಾನುಯಲ್‌ನಲ್ಲಿ 0.03 ಮೆಗಾಪಾಸ್ಕಲ್‌ನಿಂದ 0.8 ಅಂತಿದೆ. 0.03 ಅಂದ್ರೆ ಏನೂ ಇಲ್ಲದಷ್ಟೇ ಅಲ್ವಾ?

ಪೈಪ್‌ಲೈನ್
ಏನೂ ಇಲ್ಲದಷ್ಟಲ್ಲ. 0.03 ಮೆಗಾಪಾಸ್ಕಲ್ ಅಂದ್ರೆ 0.3 ಬಾರ್, ಅಂದ್ರೆ ನಿಂತ ನೀರಿನ ಮೂರು ಮೀಟರ್ ಎತ್ತರ. ನಿಮಗೆ ಟ್ಯಾಂಕ್ ತುಂಬಿದಾಗಲೇ 1.9 ಸಿಗ್ತಿದೆ, ತಳಕ್ಕೆ ಇಳಿದಾಗ 0.9. ಟ್ಯಾಂಕ್ ಹತ್ತಿರ ಇದ್ದಷ್ಟೂ ಪ್ರೆಷರ್ ಕಡಿಮೆ, ಕೆಳಗಿನ ಮನೆಯವರಿಗೇ ಹೆಚ್ಚು. "ಒಂದೊಂದು ಸಲ ಓಡುತ್ತೆ" ಅಂದ್ರಲ್ಲ, ಓಡಿದಾಗ ಟ್ಯಾಂಕ್ ತುಂಬಿತ್ತಾ ನೋಡಿ.

ಬಕೆಟ್‌ನ ನೆಲದ ಮೇಲೆ ಇಟ್ಟು ತುಂಬಿಸಿದ್ರಾ? ಹಾಗಿದ್ರೆ ಲೆಕ್ಕ ತಪ್ಪುತ್ತೆ. ಪೈಪಿನ ತುದಿ ಕೆಳಗಿಳಿದಷ್ಟೂ ಎತ್ತರ ಪುಕ್ಕಟೆ ಸಿಗುತ್ತೆ. ಸ್ಟೂಲ್ ಮೇಲೆ ಬಕೆಟ್ ಇಟ್ಟು, ಪೈಪಿನ ತುದಿಯನ್ನ ಇನ್‌ಲೆಟ್ ಮಟ್ಟದಲ್ಲೇ ಹಿಡಿದು ನೋಡಿ. ಡಿಟರ್ಜೆಂಟ್ ಟ್ರೇನೂ ಎಳೆದು ನೋಡಿ, ಪುಡಿ ಹಾಗೇ ಇದೆಯಾ?

ವಾಲ್ವ್‌ರಾಜ
ಎರಡು ನಿಮಿಷಕ್ಕೆ ಹತ್ತು ಲೀಟರ್ ಬರ್ತಿದ್ರೆ ಮಷೀನ್‌ಗೆ ಧಾರಾಳ ಸಾಕು. ಪೈಪ್‌ನಲ್ಲಿ ಬರೋ ನೀರು ಮಷೀನ್ ಒಳಗೆ ಹೋಗ್ತಿಲ್ಲ ಅಂದ್ರೆ ವಾಲ್ವ್ ಕೆಟ್ಟಿದೆ ಅಂತ ತಾನೇ ಅರ್ಥ?

ಪೈಪ್‌ಲೈನ್
ವಾಲ್ವ್ ಹತ್ರ ಬಂದಿದ್ದೀರಿ, ಆದ್ರೆ ಅದು ಕೆಟ್ಟಿಲ್ಲ. ಅದರೊಳಗಿನ ಕಾಯಿಲ್ ಎತ್ತೋದು ಒಂದು ಸಣ್ಣ ಪಿನ್ ಮಾತ್ರ. ದೊಡ್ಡ ದಾರಿ ಮುಚ್ಚಿರೋ ರಬ್ಬರ್ ಡಯಾಫ್ರಮ್‌ನ ಮೇಲೆತ್ತೋದು ನೀರಿನ ಪ್ರೆಷರ್ರೇ. ಪ್ರೆಷರ್ ಸಾಲದಿದ್ರೆ ರಬ್ಬರ್ ಅರೆಬರೆ ಏಳುತ್ತೆ, ನೀರು ಜಿನುಗುತ್ತೆ. ಹಳೇ ಸೆಮಿ ಆಟೋಮ್ಯಾಟಿಕ್‌ಗೆ ನೀರು ಬಿಡ್ತಾ ಇದ್ದಿದ್ದು ನಾವೇ ತಿರುಗಿಸೋ ನಲ್ಲಿಯಿಂದ, ಮಧ್ಯೆ ಈ ಥರ ವಾಲ್ವ್ ಇರಲಿಲ್ಲ. ಹೊಸ ವಾಲ್ವ್ ಹಾಕಿದ್ರೂ ನಾಳೆ ಇದೇ ಕೋಡ್ ಬರುತ್ತೆ.

ಮುಚ್ಚೋಕೂ ಅದೇ ಪ್ರೆಷರ್ ಬೇಕು. ಮಷೀನ್ ಆಫ್ ಮಾಡಿ ನಲ್ಲಿ ತೆರೆದೇ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಡ್ರಮ್‌ನಲ್ಲಿ ನೀರು ಕಂಡ್ರೆ ವಾಲ್ವ್ ಸರಿಯಾಗಿ ಕೂರ್ತಿಲ್ಲ ಅಂತ ಅರ್ಥ. ಅಂಥ ಕಡೆ ಒಗೆದಾದ ಮೇಲೆ ನಲ್ಲಿ ಮುಚ್ಚೋದನ್ನ ಮರೀಬಾರದು.

ಲೋಕಿ
ಮಧ್ಯೆ ನಂದೊಂದು. ನಮ್ಮದು ಎರಡು ಮಹಡಿ ಕೆಳಗೆ, ಟ್ಯಾಂಕ್ ನೀರು ಏಳು ಮೀಟರ್ ಮೇಲಿದೆ. ಮಷೀನ್‌ಗೆ ನೀರು ಬರ್ತಿರಲಿಲ್ಲ ಅಂತ ಮಷೀನ್ ಪಕ್ಕದಲ್ಲೇ ಬೂಸ್ಟರ್ ಹಾಕಿಸಿದೀವಿ. ಪಂಪ್ ಓಡುತ್ತೆ, ಕರಕರ ಸದ್ದು ಬರುತ್ತೆ, ನೀರು ಮಾತ್ರ ಮೊದಲಿನಷ್ಟೇ. ಪಂಪ್ ಡೂಪ್ಲಿಕೇಟಾ?

ಪೈಪ್‌ಲೈನ್
ನಿಮ್ಮದು ಸುಮಾ ಅವರದ್ದಕ್ಕೆ ಉಲ್ಟಾ ಕೇಸ್. ಏಳು ಮೀಟರ್ ಅಂದ್ರೆ 0.7 ಬಾರ್, ಬಹಳಷ್ಟು ಮಷೀನ್‌ಗೆ ಪಂಪ್ ಇಲ್ಲದೇ ಸಾಕು. ಎತ್ತರ ಇದ್ದೂ ಬಕೆಟ್ ನಿಧಾನ ತುಂಬ್ತಿದ್ರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ತನಗೆ ಬರದ ನೀರನ್ನ ಪಂಪ್ ಎಲ್ಲಿಂದ ತಳ್ಳಬೇಕು? ಕರಕರ ಸದ್ದು ಹೊಟ್ಟೆಗಿಲ್ಲದೆ ಎಳೀತಿರೋದರ ಗುರುತು, ಹಾಗೇ ಓಡಿಸಿದ್ರೆ ಸೀಲ್ ಹೋಗುತ್ತೆ. ಮೊದಲು ಟ್ಯಾಂಕ್ ಬುಡದ ಗೇಟ್ ವಾಲ್ವ್ ನೋಡಿ. ಹಿಡಿ ತಿರುಗುತ್ತೆ, ಒಳಗಿನ ತಟ್ಟೆ ಕಳಚಿ ಅರ್ಧದಲ್ಲೇ ಕೂತಿರುತ್ತೆ.

ವಾಲ್ವ್‌ರಾಜ
ಇಬ್ಬರಿಗೂ ಒಂದೇ ಮದ್ದು: ಅರ್ಧ ಇಂಚಿನ ಪೈಪ್ ಕಿತ್ತು ಒಂದು ಇಂಚು ಹಾಕಿಸಿ. ಪ್ರೆಷರ್ ತಾನಾಗೇ ಬರುತ್ತೆ.

ಲೋಕಿ
ದಪ್ಪ ಪೈಪಿನಲ್ಲಿ ಪ್ರೆಷರ್ ಕಡಿಮೆ ಆಗೋದು ಸ್ವಾಮಿ. ಪೈಪ್ ಬಾಯಿ ಬೆರಳಲ್ಲಿ ಒತ್ತಿದ್ರೆ ನೀರು ದೂರ ಚಿಮ್ಮಲ್ವಾ?

ವಾಲ್ವ್‌ರಾಜ
ಬೆರಳಲ್ಲಿ ಒತ್ತಿದ್ರೆ ಬಕೆಟ್ ಬೇಗ ತುಂಬುತ್ತಾ? ತುಂಬಿ ತೋರಿಸಿ.

ಪೈಪ್‌ಲೈನ್
ಇಬ್ಬರೂ ಒಂಚೂರು ಸರಿ. ನೀರು ನಿಂತಿದ್ದಾಗಿನ ಪ್ರೆಷರ್ ಎತ್ತರದಿಂದ ಮಾತ್ರ ಬರೋದು, ಪೈಪ್ ಎಷ್ಟೇ ದಪ್ಪ ಇರಲಿ. ಹರಿಯುವಾಗ ಸಣ್ಣ ಪೈಪು, ಮೇಲಿಂದ ಮೇಲೆ ಬರೋ ಎಲ್ಬೋಗಳು ಅದನ್ನ ತಿನ್ನುತ್ವೆ. ದಪ್ಪ ಪೈಪ್ ಆ ತಿನ್ನೋದನ್ನ ತಡೆಯುತ್ತೆ ಅಷ್ಟೇ. ಸುಮಾ ಅವರ ಮನೆಯಲ್ಲಿ ಇರೋದೇ 1.9 ಮೀಟರ್, ನಾಲ್ಕು ಇಂಚಿನ ಪೈಪ್ ಹಾಕಿದ್ರೂ ಅದು ಮೂರಾಗಲ್ಲ.

ಸುಮಾ_ಎಚ್
ಸ್ಟೂಲ್ ಮೇಲಿಟ್ಟು ನೋಡಿದ್ರೆ ಎರಡು ನಿಮಿಷ ಇಪ್ಪತ್ತು ಸೆಕೆಂಡ್ ಆಯ್ತು. ಟ್ರೇ ಎಳೆದು ನೋಡಿದ್ರೆ ಪುಡಿ ಒದ್ದೆ ಮುದ್ದೆಯಾಗಿ ಮೂಲೆಯಲ್ಲಿ ಅಂಟಿಕೊಂಡಿದೆ, ಮೇಲೆ ಮಾತ್ರ ಸಣ್ಣ ಸಣ್ಣ ಗುಳಿ ಬಿದ್ದಿದೆ. ಬೆಳಿಗ್ಗೆ ಟ್ಯಾಂಕ್ ತುಂಬಿಸಿದ ಕೂಡಲೇ ಹಾಕಿದ್ರೆ ಓಡುತ್ತೆ, ಸಂಜೆ ಹಾಕಿದ್ರೆ ಕೋಡ್. ನೀವು ಹೇಳಿದ ಹಾಗೇ ಇದೆ ಸರ್. ಟ್ಯಾಂಕನ್ನೇ ಎತ್ತರಿಸಬಹುದಾ?

ಪೈಪ್‌ಲೈನ್
ಹಾಗಾದ್ರೆ ನಿಮ್ಮಲ್ಲಿ ದಾರಿ ಸರಿಯಾಗಿದೆ, ಎತ್ತರ ಮಾತ್ರ ಇಲ್ಲ. ಪಂಪ್ ಕೆಲಸಕ್ಕೆ ಬರೋದು ಇಂಥ ಕಡೆಯೇ. ತಳದ ನೀರಿಗೂ ಮೂರು ಮೀಟರ್ ಸಿಗಬೇಕು ಅಂದ್ರೆ ಟ್ಯಾಂಕ್‌ನ ಎರಡು ಮೀಟರ್‌ಗಿಂತ ಮೇಲೆ ಎತ್ತಬೇಕು. ಸಾವಿರ ಲೀಟರ್ ಅಂದ್ರೆ ಒಂದು ಟನ್ ಭಾರ, ಇಂಜಿನಿಯರ್‌ಗೆ ತೋರಿಸದೆ ಸ್ಟ್ಯಾಂಡ್ ಕಟ್ಟಿಸಬೇಡಿ.

ಪಂಪ್ ಆದ್ರೆ ಹತ್ತು ಮೀಟರ್ ಹೆಡ್‌ನ ಸಣ್ಣದೇ ಸಾಕು. ಆ ಹತ್ತು ಮೀಟರ್ ನೀರು ಹರಿಯದೆ ಇದ್ದಾಗಿನ ಲೆಕ್ಕ, ಹರಿಯುವಾಗ ಇಳಿಯುತ್ತೆ. ಆದ್ರೂ ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಉಳಿಯುತ್ತೆ. ಮಷೀನ್‌ಗೆ ಹೋಗೋ ಕವಲಿನಲ್ಲಿ ಮಾತ್ರ ಹಾಕಿಸಿ. ಆ ಕವಲು ಬಚ್ಚಲಿನ ಲೈನಿನಿಂದ ಬಂದಿದ್ರೆ, ಯಾರಾದ್ರೂ ಶವರ್ ಬಿಟ್ಟಿದ್ದಾಗ ಪಂಪ್ ಆ ಕಡೆಯ ನೀರನ್ನ ಎಳೆದುಕೊಳ್ಳುತ್ತೆ, ಶವರ್ ಬಾಯಿಂದ ಗಾಳಿಯನ್ನೂ ಹೀರಬಹುದು. ಟ್ಯಾಂಕಿನಿಂದಲೇ ಬೇರೆ ಲೈನ್ ತರೋಕೆ ಆದ್ರೆ ಒಳ್ಳೇದು. ಪಕ್ಕದಲ್ಲಿ ಬೈಪಾಸ್, ಅದರಲ್ಲಿ ನೀರು ಹಿಂದಕ್ಕೆ ಹೋಗದ ಹಾಗೆ ತಡೆಯೋ ಒಂದು ಎನ್‌ಆರ್‌ವಿ ವಾಲ್ವ್ ಇರಲಿ.

ಟೆರೇಸ್‌ಮನೆ
ಒಂದು ಕವಲಿಗೆ ಯಾಕೆ, ಇಡೀ ಮನೆಗೆ ಹಾಕಿಸಿ ಅಂತ ನಾನು ಮೊದಲೇ ಹೇಳಿದ್ದು.

ಪೈಪ್‌ಲೈನ್
ಅವರ ಗೀಸರ್‌ಗೆ ಟ್ಯಾಂಕಿನ ಮೇಲಕ್ಕೆ ಹೋಗೋ ವೆಂಟ್ ಪೈಪ್ ಇದ್ರೆ, ಪಂಪ್ ಆನ್ ಆದಾಗಲೆಲ್ಲ ಬಿಸಿನೀರು ಅಲ್ಲಿಂದ ಚೆಲ್ಲುತ್ತೆ. ನಿಮ್ಮಲ್ಲಿ ಅದಿಲ್ಲ, ಅದಕ್ಕೇ ತೊಂದರೆ ಆಗಿಲ್ಲ.

ಸುಮಾ_ಎಚ್
ಪಂಪ್ ಹಾಕಿಸಿದ್ವಿ, ಮಷೀನ್ ಲೈನಿಗೆ ಮಾತ್ರ. ಟ್ರೇ ಈಗ ತೊಳೆದಿಟ್ಟ ಹಾಗಿದೆ, ಕೋಡ್ ಬರ್ತಿಲ್ಲ. ಆದ್ರೆ ಟ್ಯಾಂಕ್ ತಳಕ್ಕೆ ಹೋದಾಗ ಪಂಪ್ ತಾನಾಗಿ ಆನ್ ಆಗ್ತಿಲ್ಲ. ಅದರ ಗುಂಡಿಯನ್ನ ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸಿದ್ರೆ ತಕ್ಷಣ ನೀರು ನುಗ್ಗುತ್ತೆ.

ಪೈಪ್‌ಲೈನ್
ಅದು ಫ್ಲೋ ಸ್ವಿಚ್ ಇರೋ ಪಂಪ್. ನಿಮಿಷಕ್ಕೆ ಒಂದೂವರೆ ಎರಡು ಲೀಟರ್ ಹರಿದ್ರೇ ಅದಕ್ಕೆ ನಲ್ಲಿ ತೆರೆದಿದೆ ಅಂತ ಗೊತ್ತಾಗೋದು. ತಳದ ನೀರಿಗೆ ಡಯಾಫ್ರಮ್ ಅಷ್ಟು ತೆರೆಯಲ್ಲ, ಆದ್ದರಿಂದ ಪಂಪ್ ಏಳಲ್ಲ. ಮ್ಯಾನುಯಲ್‌ನಲ್ಲೇ ಬಿಟ್ಟು ಹೋಗಬೇಡಿ. ವಾಲ್ವ್ ಮುಚ್ಚಿದ ಮೇಲೆ ಪಂಪ್ ನೀರನ್ನ ಅಲ್ಲೇ ಕಲಕುತ್ತಾ ಕಾಯ್ತಾ ಹೋಗುತ್ತೆ.

ಟೆರೇಸ್‌ಮನೆ
ಪ್ರೆಷರ್ ಸ್ವಿಚ್ ಇರೋದಕ್ಕೆ ಬದಲಾಯಿಸಿ. ಪ್ರೆಷರ್ ಬಿದ್ದ ತಕ್ಷಣ ಏಳುತ್ತೆ, ಹರಿವು ಬೇಕಿಲ್ಲ.

ಪೈಪ್‌ಲೈನ್
ಅದು ನಿಜ. ಆದ್ರೆ ಆ ಲೈನಿನಲ್ಲಿ ಎಲ್ಲಾದರೂ ಹನಿ ತೊಟ್ಟಿಕ್ಕಿದ್ರೂ ರಾತ್ರಿಯೆಲ್ಲಾ ಪಂಪ್ ಆನ್ ಆಫ್ ಆಗ್ತಿರುತ್ತೆ, ಸಣ್ಣ ಪ್ರೆಷರ್ ಟ್ಯಾಂಕೂ ಬೇಕಾಗುತ್ತೆ. ಒಂದು ಮಷೀನ್‌ಗೆ ಅಷ್ಟೆಲ್ಲಾ ಬೇಕಾ ಅನ್ನೋದು ನನಗಿನ್ನೂ ಅನುಮಾನ.

ಸುಮಾ_ಎಚ್
ಸದ್ಯಕ್ಕೆ ಟ್ಯಾಂಕ್ ಅರ್ಧ ಇಳಿದ್ರೆ ತುಂಬಿಸಿಯೇ ಬಟ್ಟೆ ಹಾಕ್ತಿದೀನಿ. ಈ ಪಂಪನ್ನ ವಾಪಸ್ ತಗೋತಾರಾ ಕೇಳಿ, ಆಮೇಲೆ ನಿರ್ಧಾರ ಮಾಡ್ತೀನಿ.

ಲೋಕಿ
ಪೈಪ್‌ಲೈನ್ ಸರ್, ಗೇಟ್ ವಾಲ್ವ್ ಹಿಡಿ ಸುಮ್ಮನೆ ಸುತ್ತುತ್ತೆ, ಎಲ್ಲೂ ಬಿಗಿ ಸಿಗಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡದೆ ಇದನ್ನ ಬದಲಾಯಿಸೋಕೆ ದಾರಿ ಇದೆಯಾ?