ಜೋಡಿಸಿದ ಚಿತ್ರದಲ್ಲಿ ‘ಓರೆ’ ಯಾವುದಕ್ಕೆ: ಕಣ್ಣಿಗೋ, ಮುಖಕ್ಕೋ, ತಲೆಗೋ?

ಮಾನ್ಯರೇ,

ಬೇರೆ ಬೇರೆ ಕಾಲದಲ್ಲಿ ತೆಗೆದ ಇಬ್ಬರ ಫೋಟೋಗಳನ್ನು ಒಂದೇ ಚಿತ್ರವಾಗಿ ಜೋಡಿಸುವ ಕೆಲಸದ ಬಗ್ಗೆ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿನ ಉದಾಹರಣೆ, ತೀರಿಹೋದ ತಂದೆಯವರ ಹಳೆಯ ಸ್ಟುಡಿಯೋ ಚಿತ್ರವನ್ನು ತಾಯಿಯವರ ಪಕ್ಕಕ್ಕೆ ಸೇರಿಸುವುದು. ತಾಯಿ ನೇರವಾಗಿ ಕ್ಯಾಮೆರಾವನ್ನು ನೋಡುತ್ತಿದ್ದಾರೆ. ತಂದೆಯವರ ಮುಖ ಅವರ ಎಡಕ್ಕೆ ತಿರುಗಿದೆ, ತಲೆ ಭುಜದ ಕಡೆಗೆ ತುಸು ವಾಲಿದೆ, ಕಣ್ಣುಗಳೂ ಮುಖ ಹೋದ ಕಡೆಗೇ ಹೋಗಿವೆ. ಈ ಮೂರಕ್ಕೂ ‘ಓರೆ’ ಎಂದರೆ ಯಾವುದನ್ನು ತಿದ್ದಬೇಕೆಂದು ತಿಳಿಯುವುದಿಲ್ಲ. ಬೇರೆ ಬೇರೆ ಪದಗಳನ್ನು ಸೂಚಿಸುವಿರಾ?

ನೃತ್ಯಶಿಕ್ಷಕಿಯೊಬ್ಬರು: ಭರತನಾಟ್ಯದಲ್ಲಿ ಪದಗಳು ಸಿದ್ಧವಾಗಿಯೇ ಇವೆ. ತಿರುಗಿದ ತಲೆಗೆ ‘ಪರಾವೃತ್ತ’, ಪಕ್ಕಕ್ಕೆ ಹೋದ ಕಣ್ಣಿಗೆ ‘ಸಾಚಿ’ ಎನ್ನಬಹುದು.

ಇನ್ನೊಬ್ಬರು: ನನ್ನ ಅಕ್ಕನ ಮಗನಿಗೂ ಓರೆಗಣ್ಣಿದೆ. ಪಾಸ್‌ಪೋರ್ಟ್ ಫೋಟೋದಲ್ಲಿ ಅದನ್ನು ಸರಿಪಡಿಸಬಹುದೇ?

ಫೋಟೋ ತಿದ್ದುವ ಕೆಲಸದವರು: ಅಕ್ಕನ ಮಗನದು ಮೆಳ್ಳೆಗಣ್ಣಿನ ಮಾತು, ಗುರುತಿನ ಚಿತ್ರದಲ್ಲಿ ಅದನ್ನು ಮುಟ್ಟದಿರುವುದೇ ಸರಿ. ‘ಓರೆ’ಯನ್ನು ಕೈಪಿಡಿಯಿಂದ ಕೈಬಿಡಬೇಕೆನ್ನಲು ಈ ಪ್ರಶ್ನೆಯೇ ಸಾಕು. ‘ಸಾಚಿ’ ಪೂರ್ತಿ ಹೊಂದುವುದಿಲ್ಲ. ಅದು ತಲೆ ಅಲುಗದೆ ಕಡೆಗಣ್ಣಿನಿಂದ ನೋಡುವುದು, ತಂದೆಯವರ ಕಣ್ಣಾದರೋ ಮುಖದ ಜೊತೆಗೇ ಹೋಗಿದೆ.

ನಾನು ‘ವಾಲು’, ‘ತಿರುವು’ ಎಂದು ಬೇರ್ಪಡಿಸುತ್ತೇನೆ, ಏಕೆಂದರೆ ತಿದ್ದುವ ಬಗೆಯೇ ಬೇರೆ. ಎರಡೂ ಕಣ್ಣುಗಳ ನಡುವೆ ಗೆರೆ ಎಳೆದರೆ ವಾಲು ಕಾಣುತ್ತದೆ. ಕತ್ತಿನ ಬುಡವನ್ನು ಹಿಡಿದು ತಲೆಯನ್ನು ಕೆಲವು ಡಿಗ್ರಿ ಎದುರು ಬದಿಗೆ ವಾಲಿಸಿದರೆ ಅದು ಹೋಗುತ್ತದೆ, ಹೆಚ್ಚಾದರೆ ಕಾಲರಿನ ಬಳಿ ಚರ್ಮ ಮುರಿದಂತೆ ಕಾಣುತ್ತದೆ. ತಿರುವನ್ನು ಹೀಗೆ ತಿದ್ದಲಾಗದು, ಮರೆಯಾದ ಕೆನ್ನೆ ಚಿತ್ರದಲ್ಲೇ ಇಲ್ಲ. ತಾಯಿಯವರ ನೇರ ಮುಖಕ್ಕೆ ಹೊಂದಿಸಲು ಕಣ್ಣಿನ ಕರಿಗುಡ್ಡೆಯನ್ನಷ್ಟೇ ತಂದೆಯವರ ಬಲಕ್ಕೆ ಸ್ವಲ್ಪ ಸರಿಸಬಹುದು. ಆದರೆ ಅದರೊಳಗಿನ ಬೆಳಕಿನ ಚುಕ್ಕೆಯನ್ನು ಅಷ್ಟೇ ದೂರ ಎಳೆದರೆ ಗಾಜಿನ ಕಣ್ಣಾಗುತ್ತದೆ. ನೇರ ಮುಖದ ಕಣ್ಣುಗಳನ್ನು ತಂದು ಅಂಟಿಸಿದರೂ ನಡೆಯದು: ಅದೇ ಕಣ್ಣುಗಳು ಬೇರೆ ಕಡೆಗೆ ತಿರುಗಿದ ಮುಖದಲ್ಲಿ ಬೇರೆ ಕಡೆ ನೋಡುವಂತೆ ಕಾಣುತ್ತವೆಂದು ಇಂಗ್ಲೆಂಡಿನ ವಿಜ್ಞಾನಿ ವೊಲಾಸ್ಟನ್ 1824ರಲ್ಲೇ ಚಿತ್ರಗಳ ಮೂಲಕ ತೋರಿಸಿದ್ದ.

ನನ್ನನ್ನು ಕೇಳಿದರೆ, ಕಣ್ಣನ್ನು ಮುಟ್ಟದೆ ತಾಯಿಯವರನ್ನು ತಂದೆಯವರ ಎಡಕ್ಕೆ ಕೂರಿಸುವುದು ಮೇಲು. ನೋಟ ಚಿತ್ರದ ಒಳಕ್ಕೇ ಬೀಳುತ್ತದೆ, ನಮ್ಮ ರೂಢಿಗೂ ಒಪ್ಪುತ್ತದೆ. ಮುಖ ಬಲಕ್ಕೆ ತಿರುಗಿದ್ದರೆ ಚಿತ್ರವನ್ನೇ ಕನ್ನಡಿಯಂತೆ ಮಗುಚುವವರಿದ್ದಾರೆ. ಆಗ ಅಂಗಿಯ ಜೇಬು ಬಲಕ್ಕೆ ಬರುತ್ತದೆ, ಬೈತಲೆಯೂ ಬದಲಾಗುತ್ತದೆ, ಮನೆಯವರು ತಕ್ಷಣ ಗುರುತಿಸುತ್ತಾರೆ.

ಪ್ರಶ್ನೆ ಕೇಳಿದವರು: ವಂದನೆಗಳು. ‘ವಾಲು’, ‘ತಿರುವು’ ಇಟ್ಟುಕೊಳ್ಳುತ್ತೇನೆ. ಕಣ್ಣಿಗೆ ‘ಕುಡಿನೋಟ’ ಎಂದರೆ ಶೃಂಗಾರವಾಗುತ್ತದೆ, ‘ನೋಟದ ದಿಕ್ಕು’ ಉದ್ದವಾಯಿತು. ಅಂಗಡಿಯಲ್ಲಿ ಏನೆನ್ನುತ್ತೀರಿ?

ಫೋಟೋ ತಿದ್ದುವ ಕೆಲಸದವರು: ‘ಕಣ್ಣು ಎಲ್ಲಿಗೆ ಹೋಗಿದೆ ನೋಡು’ ಎನ್ನುತ್ತೇವೆ. ಅದನ್ನು ಒಂದೇ ಪದವಾಗಿಸುವುದು ನಿಮಗೇ ಬಿಟ್ಟದ್ದು.